ಅಣ್ಣನ ಸ್ಕೇಲಿನ ತುದಿ

ಶಿಕಾರಿಪುರದ ಕಾಲೇಜಿನಲ್ಲಿ ನಾನು ಫಿಸಿಕ್ಸ್ ಹೇಳಿಕೊಡಲು ಶುರುಮಾಡಿ ಬಹಳ ವರ್ಷಗಳಾದವು. ಇಡೀ ಸಿಲಬಸ್ಸಿನಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಪಾಠ ಒಂದೇ ಒಂದು. ಮಕ್ಕಳಿಗೆ ಅದು ಕಷ್ಟದ ಪಾಠವೇನಲ್ಲ, ಸಲೀಸಾಗಿ ಕಲಿತುಬಿಡುತ್ತಾರೆ. ಫಸ್ಟ್ ಪಿಯುಸಿಯಲ್ಲಿ ಬರುವ, ತಿರುಗುವ ವಸ್ತುಗಳ ಪಾಠ. ಬೋರ್ಡಿನ ಮೇಲೆ ಬರೆಯಬೇಕಾದ ಮೊದಲ ಸಾಲು: ಒಂದು ಮೊಳೆಯ ಸುತ್ತ ತಿರುಗುವ ಗಟ್ಟಿ ವಸ್ತುವಿನ ಎಲ್ಲ ಬಿಂದುಗಳಿಗೂ ಕೋನೀಯ ವೇಗ ಒಂದೇ. ಎರಡನೆಯ ಸಾಲು: ಅವುಗಳ ರೇಖೀಯ ವೇಗ ಒಂದೇ ಅಲ್ಲ, ಮೊಳೆಯಿಂದ ದೂರವಾದಷ್ಟೂ ಹೆಚ್ಚು. ಈ ಎರಡು ಸಾಲುಗಳ ನಡುವೆ ನಾನು ಉಸಿರೇ ಬಿಡುವುದಿಲ್ಲ. ಮೊದಲನೆಯದು ಬರೆದು ಮುಗಿಸಿದರೆ ಸಾಕು, ಬೆನ್ನ ಹಿಂದೆ ಅಣ್ಣ ಮಾತಾಡುತ್ತಾನೆ.

"ಸುತ್ತು ಅದೇ ಕಣೇ."

ಅಣ್ಣ ಸತ್ತು ಕೆಲವು ವರ್ಷಗಳಾಗಿವೆ. ಸೊರಬದಲ್ಲಿ ಅವನದೊಂದು ವೆಲ್ಡಿಂಗ್ ಶಾಪ್ ಇತ್ತು. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರಿನ ರಿಪೇರಿ, ಎಲ್ಲವನ್ನೂ ಮಾಡುತ್ತಿದ್ದ. ಅವತ್ತು ಒಂದು ಗೇಟಿಗೆ ದಪ್ಪ ಪೈಪು ಕತ್ತರಿಸಬೇಕಿತ್ತು. ದೊಡ್ಡ ಗ್ರೈಂಡರ್ ರಿಪೇರಿಗೆ ಹೋಗಿತ್ತು. ಸಣ್ಣ ಗ್ರೈಂಡರಿನ ನಾಲ್ಕಿಂಚಿನ ಬ್ಲೇಡು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಅಣ್ಣ ದೊಡ್ಡ ಮಷಿನ್ನಿನ ಏಳಿಂಚಿನ ಬ್ಲೇಡನ್ನೇ ತಂದು, ವಾಷರ್ ಕೊಟ್ಟು ಸಣ್ಣದಕ್ಕೆ ಬಿಗಿದ. ಬ್ಲೇಡಿಗೆ ಮರೆಯಾಗಿರುವ ಗಾರ್ಡು ಅಡ್ಡ ಬಂತು, ಅದನ್ನು ಬಿಚ್ಚಿಟ್ಟ. ಪೈಪಿನ ಆ ತುದಿ ಹಿಡಿದುಕೊಂಡು ಕೂತಿದ್ದ ಅತ್ತಿಗೆ, "ದೊಡ್ಡದಾಯ್ತಲ್ರೀ" ಅಂದರಂತೆ. "ಸುತ್ತು ಅದೇ ಕಣೇ, ಮಷಿನ್ ತಿರುಗೋದು ಮಷಿನ್ ತಿರುಗಿದಂಗೇ" ಅಂದನಂತೆ ಅಣ್ಣ. ಸ್ವಿಚ್ ಹಾಕಿದ. ಬ್ಲೇಡು ಪೂರ್ತಿ ವೇಗಕ್ಕೆ ಬರುತ್ತಿದ್ದ ಹಾಗೆ ಒಡೆಯಿತು. ಒಂದು ಚೂರು ಮೇಲಿನ ತಗಡು ಸೀಳಿಕೊಂಡು ಹೋಯಿತು. ಇನ್ನೊಂದು ಅಣ್ಣನ ಕುತ್ತಿಗೆಗೆ ಬಡಿಯಿತು.

ಇದನ್ನು ಅತ್ತಿಗೆ ನನಗೆ ಹೇಳಿದ್ದು ಒಮ್ಮೆ ಮಾತ್ರ, ಹನ್ನೊಂದನೆಯ ದಿನ, ಹಿತ್ತಲಲ್ಲಿ. ಊರಿಗೆಲ್ಲ ಹೇಳಿದ್ದು ಬೇರೆ: ಬ್ಲೇಡು ಡುಪ್ಲಿಕೇಟ್ ಮಾಲು. ಆಗ ಪ್ರೈಮರಿ ಶಾಲೆಯಲ್ಲಿದ್ದ ಅವರ ಮಗಳಿಗೂ ಅದನ್ನೇ ಹೇಳಿದರು. ನಾನೂ ಹೂಂ ಅಂದೆ.

ನನ್ನನ್ನು ಕಾಡುವುದು ಅಣ್ಣನ ಸಾವಿಗಿಂತ ಹೆಚ್ಚಾಗಿ ಅವನ ಆ ಮಾತು. ಏಕೆಂದರೆ ಅದು ತಪ್ಪಲ್ಲ. ಬ್ಲೇಡು ಸಣ್ಣದಿರಲಿ ದೊಡ್ಡದಿರಲಿ, ಆ ಮಷಿನ್ನಿಗೆ ಸಿಕ್ಕಿಸಿದ ಮೇಲೆ ನಿಮಿಷಕ್ಕೆ ಸುತ್ತುವ ಸುತ್ತು ಹೆಚ್ಚುಕಡಿಮೆ ಅಷ್ಟೇ. ಪರೀಕ್ಷೆಯಲ್ಲಿ ಬರೆದಿದ್ದರೆ ನಾನು ಅರ್ಧ ಮಾರ್ಕ್ಸ್ ಕೊಡಲೇಬೇಕಿತ್ತು. ಅವನು ಬಿಟ್ಟದ್ದು ಎರಡನೆಯ ಸಾಲು. ನಾಲ್ಕಿಂಚು ಏಳಾದಾಗ ಅಂಚಿನ ವೇಗ ಒಂದೂಮುಕ್ಕಾಲು ಪಟ್ಟಾಗುತ್ತದೆ, ಬ್ಲೇಡನ್ನು ಒಳಗಿಂದ ಹರಿಯಲು ನೋಡುವ ಎಳೆತ ಸುಮಾರು ಮೂರು ಪಟ್ಟಾಗುತ್ತದೆ. ದೊಡ್ಡ ಮಷಿನ್ನು ನಿಧಾನಕ್ಕೆ ತಿರುಗುವುದೇ ಅದಕ್ಕಾಗಿ. ನನ್ನ ಪಾಠದ ಅರ್ಧ ಹಿಡಿದುಕೊಂಡು ಅಣ್ಣ ಹೋಗಿಬಿಟ್ಟ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ, ಸತ್ತವನ ಮೇಲೆ ಎಂಥ ಸಿಟ್ಟು ಅಂತ ಯಾರಾದರೂ ಅಂದರೆ ಅವರ ಮೇಲೂ ಬರುತ್ತದೆ.

ಈ ವರ್ಷ ಆ ಮಗಳು ನನ್ನ ಕ್ಲಾಸಿಗೇ ಬಂದಳು. ವಾರವಿಡೀ ನನ್ನ ಮನೆಯಲ್ಲಿ ಇರುತ್ತಾಳೆ, ಶನಿವಾರ ಸೊರಬದ ಬಸ್ಸು ಹತ್ತುತ್ತಾಳೆ. ಮನೆಯಲ್ಲಿ ಅತ್ತೆ, ಕಾಲೇಜಿನಲ್ಲಿ ಮೇಡಂ ಎಂದು ಕರೆಯುವಾಗ ಅವಳಿಗೆ ನಗು ತಡೆಯುವುದಿಲ್ಲ. ಅತ್ತಿಗೆ ಈಚೆಗೆ ಶಾಪಿನ ಬಾಗಿಲು ಮತ್ತೆ ತೆಗೆದಿದ್ದರು, ಸಣ್ಣಪುಟ್ಟ ಗ್ರಿಲ್ಲಿನ ಕೆಲಸಕ್ಕೆ. ಭಾನುವಾರ ಅಮ್ಮನ ಜೊತೆ ಇವಳೂ ಗ್ರೈಂಡರ್ ಹಿಡಿಯುತ್ತಾಳೆ ಎಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಏಳಿಂಚಿನ ಬ್ಲೇಡುಗಳ ಡಬ್ಬಿ ಅಲ್ಲೇ ಅಟ್ಟಣಿಗೆಯ ಮೇಲೆ ಇತ್ತು. ತೆಗೆದುಹಾಕಿ ಎಂದು ನಾನು ಹೇಳಿದಾಗಲೆಲ್ಲ ಅತ್ತಿಗೆ ಮಾತು ಬದಲಿಸುತ್ತಿದ್ದರು.

ಆ ಪಾಠಕ್ಕೆ ನಾನು ಬಳಸುವುದು ಅಣ್ಣನ ಸ್ಟೀಲ್ ಸ್ಕೇಲನ್ನೇ. ಒಂದು ತುದಿಯಲ್ಲಿ ತೂತಿದೆ. ಬೋರ್ಡಿನ ಮರದ ಚೌಕಟ್ಟಿಗೆ ಮೊಳೆ ಹೊಡೆದು ಸಿಕ್ಕಿಸಿದರೆ ಚೆನ್ನಾಗಿ ತಿರುಗುತ್ತದೆ. ಮೊಳೆಯಿಂದ ಹತ್ತು ಸೆಂಟಿಮೀಟರಿನಲ್ಲಿ ಒಂದು ಬಿಳಿ ಚುಕ್ಕೆ, ಮೂವತ್ತರಲ್ಲಿ ಇನ್ನೊಂದು. ಆ ಶನಿವಾರ ಸ್ಕೇಲನ್ನು ಕಾಲು ಸುತ್ತು ತಿರುಗಿಸಿ, ಎರಡು ಚುಕ್ಕೆಗಳೂ ಒಂದೇ ಹೊತ್ತಿನಲ್ಲಿ ಒಂದೇ ಕೋನ ತಿರುಗಿದವು ಎಂದು ತೋರಿಸಿದೆ. ಮೊದಲ ಸಾಲು ಬರೆದೆ. ಸೀಮೆಸುಣ್ಣ ಎರಡನೆಯದಕ್ಕೆ ಇಳಿಯುವಷ್ಟರಲ್ಲಿ ಇವಳು ಎದ್ದು ನಿಂತಳು.

"ಮೇಡಂ, ತುದಿ ಪಾಪ ಅಷ್ಟು ದೂರ ಹೋಗ್ಬೇಕಲ್ಲ. ಸುಸ್ತಾಗಿ ಹಿಂದೆ ಬಿದ್ರೆ?"

ಕ್ಲಾಸೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ಒಳ್ಳೆಯದಿತ್ತು, ಬಿಡಲು ಮನಸ್ಸಾಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯ ಜಡೆಯ ರಿಬ್ಬನ್ ಇಸಿದುಕೊಂಡು ಒಂದು ತುದಿಯನ್ನು ಮೊಳೆಯ ಹತ್ತಿರ ಬೆರಳಲ್ಲಿ ಹಿಡಿದು ತಿರುವಿದೆ. ಬೆರಳಿನ ಹತ್ತಿರದ ಭಾಗ ತಿರುಗಿತು, ಉದ್ದದ ತುದಿ ಜೋತುಬಿದ್ದು ಹಿಂದೆ ಉಳಿಯಿತು. "ನೋಡಿ, ಇದು ಹಿಂದೆ ಬೀಳಬಲ್ಲದು, ಯಾಕಂದ್ರೆ ಬಗ್ಗತ್ತೆ. ಸ್ಕೇಲು ಬಗ್ಗಲ್ಲ. ಮೊಳೆ, ಈ ಚುಕ್ಕೆ, ಆ ಚುಕ್ಕೆ, ಮೂರೂ ಒಂದೇ ಗೆರೆಯಲ್ಲಿ ಇರಲೇಬೇಕು, ಅವುಗಳ ನಡುವಿನ ದೂರವೂ ಬದಲಾಗೋ ಹಾಗಿಲ್ಲ. ಗೆರೆ ಎಷ್ಟು ಕೋನ ತಿರುಗತ್ತೋ ಎಲ್ಲಾ ಚುಕ್ಕೆಗಳೂ ಅಷ್ಟೇ. ತುದಿ ಹಿಂದೆ ಬೀಳ್ಬೇಕು ಅಂದ್ರೆ ಸ್ಕೇಲು ಬಗ್ಗಬೇಕು, ಇಲ್ಲಾ ಮುರೀಬೇಕು."

ಮುರೀಬೇಕು ಅಂದ ಕೂಡಲೇ ರಿಬ್ಬನ್ ಮಡಚಿ ಆ ಹುಡುಗಿಗೆ ವಾಪಸು ಕೊಟ್ಟೆ. ಬೆಲ್ಲು ಹೊಡೆಯಿತು. ಇನ್ನೊಂದು ಸಾಲಿದೆ, ಕೂತ್ಕೊಳ್ಳಿ ಎಂದು ಗದರಿದೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಬೆಲ್ಲಾದ ಮೇಲೆ ಯಾರು ಕೇಳುತ್ತಾರೆ? ಇವಳು ಸ್ಕೇಲನ್ನು ಮೊಳೆಯಿಂದ ತೆಗೆದುಕೊಂಡಳು. "ಅಪ್ಪಂದಲ್ವಾ ಅತ್ತೆ, ಅಮ್ಮಂಗೆ ತೋರಿಸಿ ತರ್ತೀನಿ." ಬಸ್ಸಿಗೆ ಹೊತ್ತಾಯಿತೆಂದು ಓಡಿಯೇಬಿಟ್ಟಳು. ಖಾಲಿ ಕ್ಲಾಸಿನ ಬೋರ್ಡಿನ ಮೇಲೆ ಮೊದಲ ಸಾಲು ಒಂದೇ ಉಳಿದಿತ್ತು.

ಅಪ್ಪನ ಹಾಗೆ ಮಗಳೂ ಅರ್ಧ ಪಾಠ ಹಿಡಿದುಕೊಂಡು ಅದೇ ಶಾಪಿಗೆ ಹೋದಳು ಎಂಬುದು ನನಗೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು. ಸಂಜೆ ಅತ್ತಿಗೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಬೆಳಿಗ್ಗೆ ಮಾಡಿದೆ, ಆಗಲೂ ಇಲ್ಲ. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದೆ. ಎದುರು ಬರುವ ಪ್ರತಿ ಲಾರಿಯ ಚಕ್ರವನ್ನೂ ನೋಡುತ್ತ ಕೂತೆ. ನಡು ಸುಮ್ಮನಿದ್ದಂತೆ ಕಾಣುತ್ತದೆ, ಅಂಚು ಕಣ್ಣಿಗೇ ಸಿಗುವುದಿಲ್ಲ. ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು ಅಣ್ಣನಿಗೆ ಯಾಕೆ ಕಾಣಲಿಲ್ಲ?

ಸೊರಬದಲ್ಲಿ ಇಳಿದು ಓಣಿಗೆ ತಿರುಗುವಾಗಲೇ ಗ್ರೈಂಡರಿನ ಸದ್ದು ಕೇಳಿಸಿತು. ಕಿವಿಯಿಟ್ಟು ಕೇಳಿದೆ. ಸಣ್ಣ ಬ್ಲೇಡೋ ದೊಡ್ಡ ಬ್ಲೇಡೋ, ಸದ್ದಿನಿಂದ ನನಗೆ ತಿಳಿಯಲಿಲ್ಲ. ಓಡಿದೆ. ಈ ವಯಸ್ಸಿನಲ್ಲಿ, ಸೀರೆಯಲ್ಲಿ, ಹಾಡುಹಗಲು.

ಪೈಪಿನ ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ಕನ್ನಡಕ ಹಾಕಿಕೊಂಡು ಇವಳು. "ಆಫ್ ಮಾಡೇ!" ಎಂದು ಕಿರುಚಿದೆ. ಮಾಡಿದಳು. ಬ್ಲೇಡು ಸುತ್ತಿ ಸುತ್ತಿ ನಿಂತಿತು. ನಾಲ್ಕಿಂಚಿನದು. ಗಾರ್ಡು ಇತ್ತು. ಅಲ್ಲೇ ಇದ್ದ ಕಬ್ಬಿಣದ ರಾಶಿಯ ಮೇಲೆ ಕೂತೆ.

"ಎಂತ ಆತು ಅತ್ತೆ?" ಅಂದಳು ಇವಳು.

ಅತ್ತಿಗೆ ನನ್ನನ್ನು ನೋಡಲಿಲ್ಲ. ಶಾಪಿನ ಮರದ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಮೊಳೆ ಹೊಡೆದು ಸ್ಕೇಲು ಸಿಕ್ಕಿಸಿತ್ತು. ತಗಡಿನ ಸೀಳಿನಿಂದ ಬಿಸಿಲು ಅದರ ಮೇಲೇ ಬಿದ್ದಿತ್ತು. ಆ ಸೀಳನ್ನು ಅತ್ತಿಗೆ ಇವತ್ತಿಗೂ ಮುಚ್ಚಿಸಿಲ್ಲ, ಮಳೆಗಾಲದಲ್ಲಿ ಅದರ ಕೆಳಗೆ ಬಕೆಟ್ ಇಡುತ್ತಾರೆ.

"ನಿನ್ನೆಯಿಂದ ಇವಳೂ ಅದನ್ನೇ ಹೇಳ್ತಿದಾಳೆ" ಅಂದರು ಅತ್ತಿಗೆ. "ಎಲ್ಲಾ ಕಡೆ ಸುತ್ತು ಒಂದೇ ಅಂತ. ನಿನ್ನ ಫೋನ್ ಬಂತು, ಎತ್ತಕ್ಕೆ ಧೈರ್ಯ ಬರಲಿಲ್ಲ. ಈಗ ಬಂದಿದೀಯಲ್ಲ, ಹೇಳು. ಅವ್ರು ಹೇಳಿದ್ದು ಸರಿಯಿತ್ತಾ?"

ಇಷ್ಟು ವರ್ಷ ಅವರು ಕೇಳದ ಪ್ರಶ್ನೆ ಅದು. ಕೇಳದಿರಲಿ ಎಂದು ನಾನೂ ಒಳಗೊಳಗೇ ಬೇಡಿಕೊಂಡಿದ್ದೆ. ಸುಳ್ಳು ಹೇಳಬಹುದಿತ್ತು. ಮಗಳು ಎದುರಿಗೆ ನಿಂತಿದ್ದಳು, ಕೈಯಲ್ಲಿ ಗ್ರೈಂಡರು.

"ಸರಿಯಿತ್ತು ಅತ್ತಿಗೆ. ಅರ್ಧ."

ಎದ್ದುಹೋಗಿ ಬಾಗಿಲ ಮೇಲೆ ಒಳಚುಕ್ಕೆ ಹೋದ ದಾರಿಯನ್ನು ಸೀಮೆಸುಣ್ಣದಲ್ಲಿ ಎಳೆದೆ, ಕಾಲು ಸುತ್ತು. ಹೊರಚುಕ್ಕೆಯದನ್ನೂ ಎಳೆದೆ. ಅಳತೆಯ ದಾರ ತೆಗೆದುಕೊಂಡು ಒಳಗಿನ ಕಮಾನಿಗೆ ಸರಿಯಾಗಿ ಕತ್ತರಿಸಿ ಅತ್ತಿಗೆಯ ಕೈಗೆ ಕೊಟ್ಟೆ. "ಹೊರಗಿಂದು ಅಳೀರಿ." ಅವರು ದಾರವನ್ನು ಬಾಗಿಸಿ ಇಟ್ಟು ಅಳೆದರು. ಮೂರು ಸಲ ಹಿಡಿಯಿತು.

"ಹೊತ್ತು ಅಷ್ಟೇ, ತಿರುಗಿದ ಕೋನ ಅಷ್ಟೇ. ತುದಿ ಹೋದ ದಾರಿ ಮೂರು ಪಟ್ಟು. ಅಂದ್ರೆ ಅದರ ಓಟವೂ ಮೂರು ಪಟ್ಟು." ಸ್ಕೇಲನ್ನು ತಿರುಗಿಸಿ, ಮೊಳೆಯ ಹತ್ತಿರ ಬೆರಳಿಡಲು ಹೇಳಿದೆ. ಸ್ಕೇಲು ಮೆತ್ತಗೆ ತಾಗಿ ನಿಂತಿತು. ಮತ್ತೆ ಅಷ್ಟೇ ಜೋರಾಗಿ ತಿರುಗಿಸಿದೆ, ಈ ಸಲ ಬೆರಳು ತುದಿಗೆ. ಚಟ್ ಎಂದು ಬಡಿಯಿತು. ಅತ್ತಿಗೆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

"ದೊಡ್ಡ ಬ್ಲೇಡಿನ ಅಂಚು ಇನ್ನೂ ದೂರ" ಎಂದೆ. "ಆ ಮಷಿನ್ನಿನ ಸುತ್ತಿಗೆ ಅದು ತಡ್ಕೊಳ್ಳೋ ಹಂಗೆ ಮಾಡಿರಲ್ಲ. ಒಡೆದ ಮೇಲೆ ಚೂರು ಸುತ್ತೋದೂ ಇಲ್ಲ, ಆ ಕ್ಷಣಕ್ಕೆ ಇದ್ದ ವೇಗದಲ್ಲಿ ನೇರ ಹೋಗಿಬಿಡತ್ತೆ."

ಮಗಳು ಮೇಲಿನ ಸೀಳನ್ನು ನೋಡಿದಳು. ಆಮೇಲೆ ಅಮ್ಮನ ಮುಖ. "ಡುಪ್ಲಿಕೇಟ್ ಮಾಲು ಅಲ್ವಾ ಹಂಗಾದ್ರೆ?" ಅಂದಳು. ಅವಳೇ ಸ್ಟೂಲು ಹಾಕಿಕೊಂಡು ಅಟ್ಟಣಿಗೆಯಿಂದ ಆ ಡಬ್ಬಿ ಇಳಿಸಿದಳು. ಒಂದೊಂದೇ ಬ್ಲೇಡನ್ನು ನೆಲಕ್ಕಿಟ್ಟು ಕಾಲಲ್ಲಿ ಮೆಟ್ಟಿ ಮುರಿಯತೊಡಗಿದಳು. ಕಲ್ಲಿನ ಪುಡಿ ಅಂಟಿಸಿ ಮಾಡಿದ ತೆಳು ಬಿಲ್ಲೆಗಳು, ಹಪ್ಪಳದ ಹಾಗೆ ಮುರಿದವು.

ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತಿಗೆಗೂ ಆಗಿರಬಹುದು ಅಂದುಕೊಂಡೆ. ಅವರು ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

"ನಂಗೆ ದೊಡ್ಡದಾಯ್ತು ಅನ್ನಿಸಿತ್ತು" ಅಂದರು ಕೊನೆಗೆ. "ಹೇಳಿದ್ದೆ. ಅವ್ರು ಹಂಗಂದ್ರು, ನಂಗೆಂತ ಗೊತ್ತಾಗತ್ತೆ ಅಂತ ಸುಮ್ನಾದೆ. ನಂಗೆ ಗೊತ್ತಿಲ್ಲ ಅಂತಾನೇ ಇಷ್ಟು ದಿನ ಬದುಕಿದ್ದು ಕಣೇ. ಹಂಗಾದ್ರೆ ನಾ ಹೇಳಿದ್ದೂ ಸರೀನೇ ಇತ್ತು."

ಅವರ ಕೈ ಹಿಡಿದುಕೊಂಡೆ. ಬೆರಳ ತುದಿ ಇನ್ನೂ ಕೆಂಪಗಿತ್ತು.

ಸೋಮವಾರ ಸ್ಕೇಲು ವಾಪಸು ಬಂತು. ಮೊಳೆಗೆ ಸಿಕ್ಕಿಸಿ, ಬೋರ್ಡಿನ ಕಡೆ ತಿರುಗಿ, ಮೊದಲ ಸಾಲು ಮತ್ತೆ ಬರೆದೆ. ಮೂರನೆಯ ಬೆಂಚಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಅಣ್ಣನ ಮಾತಿಗೆ ಕಾದೆ. ಮೊದಲು ಕೇಳಿಸಿದ್ದು ಅವನದಲ್ಲ. ಪೈಪಿನ ಆ ತುದಿಯಿಂದ, ಮೆಲ್ಲಗೆ, ಇಷ್ಟು ವರ್ಷ ನಾನು ಒಮ್ಮೆಯೂ ಕಿವಿಗೊಡದಿದ್ದ ದನಿ: "ದೊಡ್ಡದಾಯ್ತಲ್ರೀ." ಅವನು ಉತ್ತರ ಕೊಡುವ ಮುಂಚೆ ನಾನು ಎರಡನೆಯ ಸಾಲು ಬರೆದೆ.