ಸೂಜಿಯಮ್ಮನ ಹೆಬ್ಬೆರಳು

ನಮ್ಮ ಅತ್ತೆಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಬೀದಿಗೆಲ್ಲ ಅವರು ಸೂಜಿಯಮ್ಮ. ಬಟ್ಟೆ ಹೊಲಿಯುವ ಸೂಜಿಯಲ್ಲ, ಹಂದಿಮರಿಗೆ ಚುಚ್ಚುವ ಸೂಜಿ. ಅಕ್ಕಪಕ್ಕದ ಯಾವ ಶೆಡ್ಡಿನಲ್ಲಿ ಹಂದಿ ಮರಿ ಹಾಕಿದರೂ ಮೊದಲು ಬಡಿಯುವುದು ನಮ್ಮ ಗೇಟನ್ನೇ. "ಅವರ ಕೈಗುಣ ಚೆನ್ನಾಗಿದೆ" ಎಂದು ಯಾರಾದರೂ ಹೊಗಳಿದರೆ ಅತ್ತೆಗೆ ಮೂಗಿನ ತುದಿಯಲ್ಲಿ ಸಿಟ್ಟು. "ಗುಣವಂತೆ ಗುಣ! ಮೈಮುರಿದು ಕಲಿತಿದ್ದೀನಿ ಕಣ್ರೀ" ಎನ್ನುತ್ತಿದ್ದರು.

ಕಲಿತದ್ದು ನಿಜ. ಹುಟ್ಟಿದ ಮರಿಗಳು ಹೊಟ್ಟೆತುಂಬ ಗಿಣ್ಣುಹಾಲು ಕುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಆಮೇಲೆ, ಒಂದು ದಿನ ಕಳೆಯುವುದರೊಳಗೆ ಹಲ್ಲಿನ ಕೆಲಸ. ಹಂದಿಮರಿ ಹುಟ್ಟುವಾಗಲೇ ಸೂಜಿಯಂಥ ಎಂಟು ಹಲ್ಲು ಇಟ್ಟುಕೊಂಡು ಬರುತ್ತದೆ. ಮೊಲೆಗಾಗಿ ಕಿತ್ತಾಡುವಾಗ ತಾಯಿಗೂ ಗಾಯ, ಒಡಹುಟ್ಟಿದವರ ಕೆನ್ನೆಗೂ ಗಾಯ. ಅತ್ತೆ ಇಕ್ಕಳದಿಂದ ತುದಿಯನ್ನಷ್ಟೇ ಕತ್ತರಿಸುತ್ತಾರೆ, ಒಸಡಿಗೆ ತಾಗಿಸುವುದಿಲ್ಲ. ಇಕ್ಕಟ್ಟಿನಲ್ಲಿ ಬೆಳೆಯುವ ಹಂದಿಗಳು ಒಂದರ ಬಾಲ ಒಂದು ಕಚ್ಚುತ್ತವಾದ್ದರಿಂದ ಬಾಲದ ತುದಿಯನ್ನೂ ತೆಗೆದು ಅಯೋಡಿನ್ ಹಚ್ಚುತ್ತಾರೆ. ಪೂರ್ತಿ ಬೋಳು ಮಾಡುವುದಿಲ್ಲ. "ಬಾಲ ಅಲ್ಲಾಡಿಸೋಕೆ ಅದಕ್ಕೂ ಒಂದಿಷ್ಟು ಬೇಡ್ವೇನೇ?" ಎಂದು ನನ್ನನ್ನೇ ಕೇಳುತ್ತಾರೆ, ನಾನೇ ಕತ್ತರಿಸಲು ಹೊರಟವಳ ಹಾಗೆ.

ಮೂರನೆಯ ದಿನ ಕಬ್ಬಿಣದ ಇಂಜೆಕ್ಷನ್. ಹಂದಿಯ ಹಾಲಿನಲ್ಲಿ ಕಬ್ಬಿಣ ತೀರ ಕಮ್ಮಿ, ಸಿಮೆಂಟಿನ ನೆಲದಲ್ಲಿ ಹುಟ್ಟಿದ ಮರಿಗೆ ಮಣ್ಣಿನ ಮುಖವೂ ಗೊತ್ತಿಲ್ಲ. ಬಿಟ್ಟರೆ ಮೈಯಲ್ಲಿ ರಕ್ತ ತುಂಬುವುದೆಲ್ಲಿಂದ? ಅತ್ತೆ ಎಡಗೈ ಹೆಬ್ಬೆರಳಿನಿಂದ ಕುತ್ತಿಗೆಯ ಚರ್ಮವನ್ನು ಪಕ್ಕಕ್ಕೆ ಸರಿಸಿ, ಮಾಂಸಖಂಡಕ್ಕೆ ಚುಚ್ಚಿ, ಒಂದು ಉಸಿರು ಕಾದು ಸೂಜಿ ತೆಗೆದು ಬೆರಳು ಬಿಡುತ್ತಾರೆ. ಚರ್ಮ ಜಾರಿ ತೂತು ಮುಚ್ಚಿಕೊಳ್ಳುತ್ತದೆ, ಔಷಧಿ ಒಳಗೇ ಉಳಿಯುತ್ತದೆ. ಇದಿಷ್ಟೇ ಅವರ ವಿದ್ಯೆ.

ಈ ಸಲ ನಮ್ಮದೇ ಎರಡು ಹಂದಿಗಳಲ್ಲಿ ದೊಡ್ಡದರ ಮರಿಗಳು ಎರಡು ವಾರ ಕಳೆಯುವಷ್ಟರಲ್ಲಿ ಸುಣ್ಣ ಬಳಿದ ಹಾಗಾದವು. ಕಿವಿ ಬಿಳಿ, ಮೂತಿ ಬಿಳಿ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಒಂದು ಸತ್ತೇ ಹೋಯಿತು. ಅತ್ತೆ ಔಷಧಿ ಅಂಗಡಿಯವನ ಮೇಲೆ ಹರಿಹಾಯ್ದರು. "ನೀರು ಮಾರ್ತೀಯೇನೋ? ನನ್ನ ಕೈಯಿಂದ ಚುಚ್ಚಿಸಿಕೊಂಡ ಮರಿ ಹೀಗೆ ಬಿಳಿಚಿಕೊಂಡಿದ್ದು ಉಂಟಾ?" ಅವನು ಪಾಪ, ಬೇರೆ ಸೀಸೆ ಕೊಟ್ಟು ಕೈಮುಗಿದ.

ಆ ಹೊತ್ತಿಗೆ ಚಿಕ್ಕ ಹಂದಿಯ ಮರಿಗಳಿಗೆ ಮೂರನೆಯ ದಿನ. ನಾನು ಮರಿ ಹಿಡಿದೆ, ಅತ್ತೆ ಹೊಸ ಸೀಸೆಯಿಂದ ಚುಚ್ಚಿದರು. ಸೂಜಿಯ ಹಿಂದೆಯೇ ಕಂದು ಹನಿ ಹೊರಗೆ ಬಂದು ಕುತ್ತಿಗೆಯ ಮೇಲೆ ಹರಿಯಿತು. ಅಂಗಡಿಯವನದು ತಪ್ಪಲ್ಲ. ಅತ್ತೆಯ ಹೆಬ್ಬೆರಳು ಕಡ್ಡಿಯಂತೆ ಸೆಟೆದುಕೊಂಡಿತ್ತು, ಚರ್ಮ ಸರಿದೇ ಇರಲಿಲ್ಲ.

ಹೇಳಿದರೆ ಮನೆಯಲ್ಲಿ ಬೆಂಕಿ, ಹೇಳದಿದ್ದರೆ ಇನ್ನೊಂದು ಸೂಲಿನ ಮರಿಗಳು ಮಣ್ಣುಪಾಲು. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಬಾಯಿ ಬಿಟ್ಟೆ.

"ಅತ್ತೆ, ಔಷಧಿ ಹೊರಗೆ ಬರ್ತಿದೆ. ಹೆಬ್ಬೆರಳು ನೋವಾ?"

"ಬೆರಳಿಗೇನಾಗಿದೆ? ನಿನ್ನ ಕಣ್ಣು ಸರಿಯಿಲ್ಲ."

"ನನ್ನ ಕಣ್ಣು ಬಿಡಿ. ಇದರ ಕುತ್ತಿಗೆ ನೋಡಿ."

ನೋಡಿದರು. ಹೆಬ್ಬೆರಳನ್ನು ಮಡಿಸಲು ಹೋದರು, ಅದು ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಮಡಿಸಿ ನೋಡಿದರು, ಮತ್ತೆ ಅಲ್ಲಿಗೇ ನಿಂತಿತು. ಕೊನೆಗೆ ಸಿರಿಂಜನ್ನು ನನ್ನತ್ತ ಚಾಚಿ, ಮುಂದಿನ ಮರಿಯನ್ನು ತಾವು ಹಿಡಿದುಕೊಂಡರು.

"ಸರಿಸು. ಇನ್ನೂ ಸರಿಸು. ಚುಚ್ಚು. ತಡಿ... ಅಯ್ಯೋ, ರೈಲು ತಪ್ಪಿಹೋಗುತ್ತೇನೇ ನಿಂಗೆ? ತಡಿ. ಈಗ ತೆಗಿ."

ಕುತ್ತಿಗೆ ಒಣಗಿಯೇ ಇತ್ತು. ಉಳಿದವಕ್ಕೆಲ್ಲ ನಾನೇ ಚುಚ್ಚಿದೆ. ದೊಡ್ಡ ಹಂದಿಯ ಮರಿಗಳ ವಿಷಯ ಡಾಕ್ಟರಿಗೆ ಫೋನ್ ಮಾಡಿದೆವು. ಅವರೇ ಬಂದು ನೋಡಿ, ಬಿಳಿಚಿದವಕ್ಕೆ ಮಾತ್ರ ಮತ್ತೆ ಕೊಡಿ, ಕೆಂಪಗಿರುವವನ್ನು ಮುಟ್ಟಬೇಡಿ, ಕಬ್ಬಿಣ ಹೆಚ್ಚಾದರೂ ವಿಷವೇ ಎಂದರು. ದಿನ ಕಳೆದಂತೆ ಕಿವಿಗಳಿಗೆ ಬಣ್ಣ ಬಂತು. ಅತ್ತೆ ಅಂಗಡಿಗೆ ಹೋಗಿ ಅವನ ಎದುರೇ ತಮ್ಮ ತಪ್ಪು ಒಪ್ಪಿಕೊಂಡು ಬಂದರು. ಬರುವಾಗ ಅವನ ಗಲ್ಲಾಪೆಟ್ಟಿಗೆಯ ಮೇಲಿನ ಧೂಳಿಗೆ ಬೈದೂ ಬಂದರಂತೆ, ಬಿಟ್ಟಾರೆಯೇ!

ಹಲ್ಲು, ಬಾಲದ ಕೆಲಸ ಈಗಲೂ ಅವರದೇ. ಅದಕ್ಕೆ ಬಲಗೈ ಸಾಕು, ಮರಿ ಹಿಡಿಯಲು ನಾನಿದ್ದೇನೆ.

ಮೊನ್ನೆ ಬೆಳಿಗ್ಗೆ ಹಿಂದಿನ ಬೀದಿಯ ಶೆಡ್ಡಿನವರು ಗೇಟು ಬಡಿದು, "ಸೂಜಿಯಮ್ಮ ಇದ್ದಾರಾ?" ಎಂದು ಕೂಗಿದರು. ಅತ್ತೆ ಬಾಗಿಲಲ್ಲೇ ಕುಳಿತು ಇಕ್ಕಳ ಒರೆಸುತ್ತಿದ್ದರು. ಮೇಲೇಳಲಿಲ್ಲ. ಒಳಕ್ಕೆ ತಿರುಗಿ ಗಂಟಲು ಹರಿಯುವಂತೆ ಕೂಗಿದರು:

"ಏ ಸೂಜಿಯಮ್ಮ! ಕೇಳಿಸ್ತಿಲ್ವೇನೇ? ನಿನ್ನನ್ನ ಕರೀತಿದ್ದಾರೆ."