ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಕಟ್ಟಿಸಿದವರಿಗೆ ನಾನು ಕೊಟ್ಟ ಅಂಕ

ರಾಣೆಬೆನ್ನೂರಿನ ಒಂದು ಬೀಜ ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವುದು ನನ್ನ ಹೊಟ್ಟೆಪಾಡು. ಹೊಸ ಸಂಸ್ಕರಣಾ ಘಟಕ ಕಟ್ಟಿಸಲು ಪ್ರಾಜೆಕ್ಟ್ ಮ್ಯಾನೇಜರ್ ಬೇಕೆಂದು ಜಾಹೀರಾತು ಕೊಟ್ಟಾಗ ಮೂರು ಸಂಗತಿ ಕೇಳಿದ್ದೆವು. ಒಂದು ಹಂತ ತಪಾಸಣೆಯಾಗಿ ಒಪ್ಪಿಗೆ ಸಿಕ್ಕ ಮೇಲೆಯೇ ಮುಂದಿನ ಹಂತಕ್ಕೆ ಹೋಗುವ ಪದ್ಧತಿ ಗೊತ್ತಿರಬೇಕು. ಪ್ರಾಜೆಕ್ಟ್ ನಡೆಸುವವರಿಗೆ ಪರೀಕ್ಷೆ ಮಾಡಿ ಕೊಡುವ ಪಿಎಂಪಿ ಪ್ರಮಾಣಪತ್ರ ಇರಬೇಕು. ತಾವೇ ಹೊಣೆ ಹೊತ್ತು ಕೆಲಸ ಮುಗಿಸಿಕೊಟ್ಟದ್ದಕ್ಕೆ ಪುರಾವೆ ಇರಬೇಕು. ಪದ್ಧತಿಗೆ ಮೂವತ್ತು ಅಂಕ, ಪ್ರಮಾಣಪತ್ರಕ್ಕೆ ಇಪ್ಪತ್ತು, ಪುರಾವೆಗೆ ಐವತ್ತು. ಅರವತ್ತು ದಾಟಿದವರಿಗೆ ಮಾತ್ರ ಸಂದರ್ಶನ.

ಬಂದ ಅರ್ಜಿಗಳಲ್ಲಿ ಬ್ಯಾಡಗಿಯವರದೊಂದಿತ್ತು. ನಡುವಯಸ್ಸಿನ ಮನುಷ್ಯ. ಒಣಮೆಣಸಿನಕಾಯಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜೊಂದನ್ನು ಪಾಯದಿಂದ ಬೀಗದ ಕೈ ಒಪ್ಪಿಸುವವರೆಗೆ ನಿಂತು ಕಟ್ಟಿಸಿದ್ದರು. ನನ್ನ ತವರು ಅದೇ ಊರು. ಬಿಸಿಲಲ್ಲಿ ಟವೆಲ್ ಸುತ್ತಿಕೊಂಡು ಗುತ್ತಿಗೆದಾರರ ಜೊತೆ ಅವರು ಗುದ್ದಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಹೆಂಡತಿಗೆ ಹಾವೇರಿಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ದೂರದ ಊರಿನ ಕೆಲಸ ಒಪ್ಪುವ ಹಾಗಿರಲಿಲ್ಲ, ಹತ್ತಿರದಲ್ಲಿ ಇಂಥ ಕೆಲಸ ಬೇರೆ ಇರಲಿಲ್ಲ.

ಅಂಕ ಹಾಕಲು ಕೂತೆ. ಪದ್ಧತಿಯ ಹೆಸರನ್ನು ಅವರು ಎಲ್ಲೂ ಬರೆದಿರಲಿಲ್ಲ, ಆದರೆ ನೆಲದ ಮಟ್ಟ ಪರೀಕ್ಷೆ ಆಗುವವರೆಗೆ ಗೋಡೆಯ ಪ್ಯಾನೆಲ್ ನಿಲ್ಲಿಸಲಿಲ್ಲ, ಎಷ್ಟು ತಂಪು ಬೇಕೆಂಬ ಲೆಕ್ಕಕ್ಕೆ ಒಪ್ಪಿಗೆ ಬರುವವರೆಗೆ ಯಂತ್ರಕ್ಕೆ ಆರ್ಡರ್ ಕೊಡಲಿಲ್ಲ ಎಂದಿತ್ತು. ನಮಗೆ ಬೇಕಾದದ್ದೇ ಅದು. ಇಪ್ಪತ್ನಾಲ್ಕು ಕೊಟ್ಟೆ. ಪ್ರಮಾಣಪತ್ರದ ಜಾಗದಲ್ಲಿ ತರಬೇತಿ ಮುಗಿಸಿದ ಕಾಗದ ಲಗತ್ತಿಸಿದ್ದರು. ಆ ತರಬೇತಿ ಪರೀಕ್ಷೆಗೆ ಕೂರಲು ಬೇಕಾದ ಅರ್ಹತೆಗಳಲ್ಲಿ ಒಂದು ಅಷ್ಟೇ, ಪರೀಕ್ಷೆ ಪಾಸಾದರೆ ಮಾತ್ರ ಪಿಎಂಪಿ. ಐದಕ್ಕಿಂತ ಹೆಚ್ಚು ಕೊಡಲು ಬರಲಿಲ್ಲ. ಪುರಾವೆಯ ಕಡೆ ಬಂದಾಗ ತಲೆ ಚಚ್ಚಿಕೊಳ್ಳುವಂತಾಯಿತು. ‘ಸಾವುಕಾರರ ನೇತೃತ್ವದಲ್ಲಿ ಕಟ್ಟಡ ಪೂರ್ಣಗೊಂಡಿತು’ ಎಂದಿತ್ತು. ಸಾವುಕಾರರೆಂದರೆ ಕೋಲ್ಡ್ ಸ್ಟೋರೇಜಿನ ಮಾಲೀಕರು, ಇವರೆಲ್ಲಿ ಹೋದರು? ಕೆಲಸ ಮುಗಿದದ್ದು ಖಚಿತ, ಇವರ ಪಾತ್ರ ಅಸ್ಪಷ್ಟ ಎಂದು ಇಪ್ಪತ್ತೈದು ಹಾಕಿದೆ. ಒಟ್ಟು ಐವತ್ನಾಲ್ಕು.

ನಾನು ಕಂಡದ್ದನ್ನೂ ಸೇರಿಸಿಕೊಳ್ಳಬಹುದೇ ಎಂದು ನಮ್ಮ ವಿಭಾಗದ ಮ್ಯಾನೇಜರರನ್ನು ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಅದೇ ತೊಂದರೆ.

“ನಿಮಗ ಗೊತ್ತಿದ್ದೋರಿಗೆ ಅದಕ್ಕ ಅಂಕ ಕೊಟ್ರ, ಗೊತ್ತಿಲ್ಲದ ಮಂದಿಗೆ ಏನ್ ಕೊಡ್ತೀರಿ ಮೇಡಂ?” ಎಂದರು.

ಪಾತ್ರ ಸ್ಪಷ್ಟವಿಲ್ಲದ ಎಲ್ಲ ಅಭ್ಯರ್ಥಿಗಳಿಂದಲೂ ಒಂದು ಸಲ ಹೆಚ್ಚಿನ ದಾಖಲೆ ಕೇಳಲು ಮಾತ್ರ ಒಪ್ಪಿದರು. ಎಲ್ಲರಿಗೂ ಒಂದೇ ಮಾತು ಬರೆದು ಕಳಿಸಿದೆ: ನಿಮ್ಮ ಹೊಣೆ ಏನಿತ್ತು, ಯಾವಾಗ ಮುಗಿಸಬೇಕಿತ್ತು, ಯಾವಾಗ ಮುಗಿಸಿದಿರಿ ಎಂದು ಮಾಲೀಕರಿಂದ ಪತ್ರ ತನ್ನಿ, ಎಲ್ಲರಿಗೂ ಇದೊಂದೇ ಅವಕಾಶ. ಪಾತ್ರವೊಂದು ಸ್ಪಷ್ಟವಾದರೆ ಬ್ಯಾಡಗಿಯವರು ಸಲೀಸಾಗಿ ಅರವತ್ತು ದಾಟುತ್ತಿದ್ದರು. ಅಂದು ಮನೆಗೆ ಹೋಗುವಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಎರಡು ದಿನದಲ್ಲಿ ಅವರೇ ಬಸ್ಸು ಹತ್ತಿ ಬಂದರು, ಪತ್ರಕ್ಕೆ ಮಡಿಕೆ ಬೀಳದಂತೆ ರಟ್ಟಿನ ನಡುವೆ ಇಟ್ಟುಕೊಂಡು. ಓದಿದೆ. ಹೇಳಿದ ಅವಧಿಯೊಳಗೇ ಕೆಲಸ ಮುಗಿದಿತ್ತು, ತಾರೀಖುಗಳೂ ಸರಿಯಾಗಿದ್ದವು. ಕೆಳಗೆ, ಇಡೀ ಕಾಮಗಾರಿಯನ್ನು ಸಾವುಕಾರರು ಸ್ವತಃ ಮುಂದೆ ನಿಂತು ಮಾಡಿಸಿದರೆಂದೂ ಇವರು ನಿಷ್ಠೆಯಿಂದ ಸಹಕರಿಸಿದರೆಂದೂ ಇತ್ತು.

ನಮ್ಮ ಕಡೆ ಇಂಥ ಪತ್ರವನ್ನು ಯಾರೂ ಕೂತು ಬರೆದುಕೊಡುವುದಿಲ್ಲ. ಬೇಕಾದವರೇ ಟೈಪ್ ಮಾಡಿಸಿಕೊಂಡು ಹೋಗಬೇಕು, ದೊಡ್ಡವರು ಸಹಿ ಹಾಕುತ್ತಾರೆ. ಅಂದರೆ ಇದನ್ನು ಬರೆದವರು ನನ್ನೆದುರು ಕೂತಿದ್ದವರೇ. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅವರು ಚಹಾ ಕುಡಿಯುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

ಸಹಾಯಕರಾಗಿ ದುಡಿದವರಿಗೆ ನಮ್ಮಲ್ಲಿ ಹದಿನೈದಕ್ಕಿಂತ ಹೆಚ್ಚು ಅಂಕವಿಲ್ಲ. ಅಸ್ಪಷ್ಟ ಎಂದು ಕೊಟ್ಟಿದ್ದ ಇಪ್ಪತ್ತೈದನ್ನು ಹೊಡೆದು ಹದಿನೈದು ಮಾಡಿದೆ. ಪತ್ರ ತರಿಸದೇ ಇದ್ದಿದ್ದರೆ ಐವತ್ನಾಲ್ಕಾದರೂ ಉಳಿಯುತ್ತಿತ್ತು, ಈಗ ನಲವತ್ನಾಲ್ಕು. ಇನ್ನೊಂದು ಪತ್ರ ತರಿಸಲು ಮ್ಯಾನೇಜರು ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಅವಕಾಶ ಎಂದು ಎಲ್ಲರಿಗೂ ಬರೆದವಳು ನಾನೇ.

ಆಯ್ಕೆಯಾಗದವರಿಗೆ ಫೋನ್ ಮಾಡುವುದೂ ನನ್ನ ಪಾಲಿನದೇ. ಅವರು ಹಾವೇರಿ ಆಸ್ಪತ್ರೆಯಲ್ಲಿದ್ದರು, ಹಿಂದೆ ಯಾರನ್ನೋ ಕೂಗಿ ಕರೆಯುವುದು ಕೇಳುತ್ತಿತ್ತು. ಮುಂದೆ ಬೇರೆ ಕಡೆಯಾದರೂ ಉಪಯೋಗವಾಗಲಿ ಎಂದು, ಎಲ್ಲಿ ಅಂಕ ಹೋಯಿತೆಂದು ಬಿಡಿಸಿ ಹೇಳಿದೆ. ಪತ್ರದಲ್ಲಿ ನೀವೇ ಕಟ್ಟಿಸಿದಿರಿ ಎಂಬ ಅರ್ಥ ಬರಬೇಕಿತ್ತು ಎಂದೆ.

“ಮೊದಲ ಹಂಗ ಬರಕೊಂಡ ಹೋಗಿದ್ದೆರಿ ಮೇಡಂ,” ಎಂದರು. “ಸಾವುಕಾರರು ಸಹಿ ಮಾಡ್ಲಿಲ್ಲ.”