ಮಗಳ ಡೇಟಿಂಗು, ನಮ್ಮ ಪಹರೆ

ನಾವು ಓಪನ್ ಮೈಂಡೆಡ್ ಪೋಷಕರು. ಇದು ನನ್ನ ಮಾತಲ್ಲ. ನನ್ನ ಗಂಡ ಪ್ರಕಾಶ್, ಕೌಲಾಲಂಪುರದ ಕನ್ನಡಿಗರ ಪ್ರತಿಯೊಂದು ಊಟದ ಕೂಟದಲ್ಲೂ ಎರಡನೆಯ ಹೋಳಿಗೆ ಎಲೆಗೆ ಬೀಳುವ ಹೊತ್ತಿಗೆ ತಪ್ಪದೆ ಹೇಳುತ್ತಿದ್ದ ಮಾತು. "ಮಕ್ಕಳನ್ನ ಫ್ರೆಂಡ್ಸ್ ಥರ ನೋಡ್ಬೇಕು ಕಣ್ರೀ. ನಾವೇ ಬದಲಾಗ್ಲಿಲ್ಲ ಅಂದ್ರೆ ಹೇಗೆ?" ಸುತ್ತ ಕುಳಿತವರೆಲ್ಲ ತಲೆಯಾಡಿಸುತ್ತಿದ್ದರು. ಆಗ ಚರ್ಚೆಯಾಗುತ್ತಿದ್ದುದು ಬೇರೆಯವರ ಮಕ್ಕಳ ವಿಷಯವಾದ್ದರಿಂದ ಎಲ್ಲರ ಮನಸ್ಸೂ ಬಾಗಿಲು ಕಿಟಕಿಗಳ ಸಮೇತ ತೆರೆದೇ ಇರುತ್ತಿತ್ತು.

ನಮ್ಮ ಸರದಿ ಬಂದದ್ದು 2021ರ ಲಾಕ್‌ಡೌನಿನಲ್ಲಿ. ಕೌಲಾಲಂಪುರದ ಪಕ್ಕದ ಸುಬಾಂಗ್ ಜಯಾದ ನಮ್ಮ ಅಪಾರ್ಟ್‌ಮೆಂಟಿನ ಒಂದೇ ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪುಗಳಿದ್ದ ಕಾಲ. ಒಂದು ತುದಿಯಲ್ಲಿ ಪ್ರಕಾಶರ ಕಾರ್ಖಾನೆಯ ಮೀಟಿಂಗು, ಇನ್ನೊಂದು ತುದಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ನನ್ನ ಹೊಟ್ಟೆಪಾಡು, ನಡುವೆ ಹದಿನಾರರ ಮಗಳು ಇಶಾಳ ಶಾಲೆ. ನಾಲ್ಕು ವರ್ಷದವಳಿದ್ದಾಗ ಮೈಸೂರಿನಿಂದ ಬಂದ ಹುಡುಗಿ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳು ಒಂದು ಬೆಳಿಗ್ಗೆ ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಪಕ್ಕಕ್ಕೆ ತಳ್ಳುತ್ತಾ ಹೇಳಿದಳು: "ಅಪ್ಪಾ, ಅಮ್ಮಾ, ಜೂನ್ ವೇ ಆಂಡ್ ಐ ಆರ್ ಡೇಟಿಂಗ್. ಜಸ್ಟ್ ಟೆಲ್ಲಿಂಗ್ ಯೂ, ಓಕೆ?"

ಪ್ರಕಾಶ್ "ಅಯ್ಯೋ ದೇವರೇ" ಎಂದರು. ಮೈಕ್ ಆಫ್ ಮಾಡಿರಲಿಲ್ಲ. ಮೀಟಿಂಗಿನಲ್ಲಿದ್ದ ಪೆನಾಂಗಿನ ಮ್ಯಾನೇಜರು, ತಾವು ಹೇಳಿದ ಬೆಲೆ ಜಾಸ್ತಿಯಾಯಿತೆಂದು ತಿಳಿದು, ತಕ್ಷಣ ಇನ್ನೊಂದು ಕೊಟೇಶನ್ ಕಳಿಸುವುದಾಗಿ ಹೇಳಿದರಂತೆ.

ಜೂನ್ ವೇ ಅವಳ ತರಗತಿಯ ಚೀನೀ ಹುಡುಗ. ಇಷ್ಟು ಗೊತ್ತಾದದ್ದೇ ತಡ, ಪ್ರಕಾಶರ ಕಲ್ಪನೆ ಓಟ ಕಿತ್ತಿತು. ಕಾಫಿ ಆರುವುದರೊಳಗೆ ಅವರು ಮಗಳ ಮದುವೆ ಮುಗಿಸಿ, ಊಟದ ಎಲೆಯ ಮುಂದೆ ಚಾಪ್‌ಸ್ಟಿಕ್ ಹಿಡಿದು ಕುಳಿತ ಬೀಗರನ್ನು ಉಪಚರಿಸಿ, ಮೊಮ್ಮಗುವಿನ ಹೆಸರಿಗಾಗಿ ಜಗಳಕ್ಕೆ ನಿಂತಿದ್ದರು. ನಾನು ಹಾಗೆಲ್ಲ ದೂರ ಹೋಗುವವಳಲ್ಲ. ದನಿ ತಗ್ಗಿಸಿ, "ಡೇಟಿಂಗ್ ಅಂದ್ರೆ ಏನೇನು?" ಎಂದಷ್ಟೇ ಕೇಳಿದೆ.

"ವಿ ಟಾಕ್. ವಿ ಸ್ಟಡಿ. ಸಮ್‌ಟೈಮ್ಸ್ ವಿ ಡೋಂಟ್ ಟಾಕ್."

ಮೂರನೆಯ ವಾಕ್ಯಕ್ಕೆ ನಾನು ಲ್ಯಾಪ್‌ಟಾಪು ಮುಚ್ಚಿದೆ.

ತಪ್ಪು ನಮ್ಮದಷ್ಟೇ ಅಲ್ಲ, ನಮ್ಮ ಶಬ್ದಭಂಡಾರದ್ದೂ ಹೌದು. ಪ್ರೇಮ, ಪ್ರಣಯ, ಲವ್ ಮ್ಯಾರೇಜು, ಓಡಿಹೋಗುವುದು, ಎಲ್ಲಕ್ಕೂ ನಮ್ಮಲ್ಲಿ ಮಾತಿದೆ. ಆದರೆ ಒಬ್ಬರನ್ನು ಇಷ್ಟಪಡುವುದಕ್ಕೂ ಅವರ ಜೊತೆ ಮಂಟಪದಲ್ಲಿ ಕೂರುವುದಕ್ಕೂ ನಡುವೆ ಇರುವ ದೊಡ್ಡ ಬಯಲಿಗೆ ಹೆಸರಿಲ್ಲ. ಹಳಗನ್ನಡದಲ್ಲಿ 'ಬೇಟ' ಎಂಬ ಸೊಗಸಾದ ಪದವಿತ್ತು, ಒಲವು ಎಂದರ್ಥ. ಅದನ್ನು ಕವಿಗಳ ಹತ್ತಿರವೇ ಬಿಟ್ಟು, ನಾವು ತಂದೆತಾಯಿಗಳು 'ಬೇಟೆ'ಯನ್ನು ಮಾತ್ರ ಇಟ್ಟುಕೊಂಡೆವು.

ಆದರೂ ಮೊದಲ ತಿಂಗಳುಗಳು ಸುಸೂತ್ರವಾಗಿಯೇ ಕಳೆದವು. ದೇಶವೇ ಬಾಗಿಲು ಹಾಕಿಕೊಂಡಿದ್ದಾಗ ಡೇಟಿಂಗ್ ಎಂದರೆ ಇಬ್ಬರೂ ಕ್ಯಾಮೆರಾ ಹಚ್ಚಿಕೊಂಡು ತಂತಮ್ಮ ಮನೆಯಲ್ಲಿ ಲೆಕ್ಕ ಮಾಡುವುದು. ನಾನು ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುತ್ತಾ ಕಿವಿಗೊಟ್ಟು ಕೇಳಿದೆ. ಸಂಜೆಯಿಡೀ ಕಾದದ್ದಕ್ಕೆ ದಕ್ಕಿದ ಪ್ರಣಯ ಸಲ್ಲಾಪ ಒಂದೇ, ಮಾತಿನ ಕೊನೆಗೆ ಇಲ್ಲಿನವರು ಸೇರಿಸುವ 'ಲಾ' ಸಮೇತ: "ಕ್ವೆಶ್ಚನ್ ಸೆವೆನ್ ಬಿ, ಯುವರ್ ಸೈನ್ ಈಸ್ ರಾಂಗ್ ಲಾ." ಹೊರಗೆ ರಸ್ತೆಗಳಿಗೆ ಪೊಲೀಸರ ತಡೆ. ರೋಗ ತೊಲಗಲಿ ಎಂದು ದೀಪ ಹಚ್ಚುವಾಗ, ಅಷ್ಟೇನೂ ಅವಸರವಿಲ್ಲ ದೇವರೇ ಎಂದು ಸೇರಿಸಿಕೊಳ್ಳಬೇಕೆನಿಸುತ್ತಿತ್ತು. ಸರ್ಕಾರ ರಸ್ತೆ ಮುಚ್ಚಿದ್ದಷ್ಟು ಕಾಲ ನಾವು ನಿಜಕ್ಕೂ ಓಪನ್ ಮೈಂಡೆಡ್ ಆಗಿದ್ದೆವು.

ಆಮೇಲೆ ಹದಿಹರೆಯದವರಿಗೂ ಲಸಿಕೆ ಬಂತು, ಮಾಲುಗಳು ತೆರೆದವು. ಶನಿವಾರ ಜೂನ್ ವೇ ಜೊತೆ ಊಟಕ್ಕೆ ಹೋಗಬಹುದೇ ಎಂದು ಇಶಾ ಕೇಳಿದಳು. ಪ್ರಕಾಶ್ ಷರತ್ತುಗಳನ್ನು ಹೊರಡಿಸಿದರು: ಹಗಲು ಹೊತ್ತು ಮಾತ್ರ, ಬಿಡುವುದು ಕರೆತರುವುದು ನಾವೇ, ಫೋನಿನಲ್ಲಿ ಲೊಕೇಶನ್ ಆನ್ ಇರಬೇಕು. ನಾನೂ ನನ್ನ ಪಾಲಿನ ಉಪದೇಶ ಕೊಟ್ಟೆ. ಯಾರು ಎಷ್ಟೇ ಕೇಳಿದರೂ ಕಳಿಸಬಾರದ ಫೋಟೋ ಕಳಿಸಬೇಡ. ನಿನಗೆ ಬೇಡವೆನಿಸಿದರೆ ಬೇಡ ಎನ್ನು, ಅವನಿಗೆ ಬೇಡವೆನಿಸಿದರೂ ಅಷ್ಟೇ. ಎಲ್ಲಿಂದಾದರೂ ಫೋನ್ ಮಾಡು, ಪ್ರಶ್ನೆ ಕೇಳದೆ ಬಂದು ಕರೆದುಕೊಂಡು ಹೋಗುತ್ತೇನೆ. ನನ್ನ ದನಿ ವಿಮಾನ ನಿಲ್ದಾಣದ ಪ್ರಕಟಣೆಯಂತಿತ್ತು. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಸ್ಕೂಲ್ ಆಲ್ರೆಡಿ ಟಾಟ್ ಅಸ್. ಬಟ್ ಥ್ಯಾಂಕ್ಸ್, ಅಮ್ಮಾ" ಎಂದಳು. ಅವಳದೂ ಒಂದು ಷರತ್ತಿತ್ತು: ನೀವು ಒಳಗೆ ಬರಬಾರದು. ಪ್ರಾಮಿಸ್? ಪ್ರಕಾಶ್ ಪ್ರಾಮಿಸ್ ಎಂದರು.

ಅವಳನ್ನು ಮಾಲಿನ ಬಾಗಿಲಲ್ಲಿ ಇಳಿಸಿದ ಮೇಲೆ ಕಾರು ಮನೆಯ ಕಡೆ ತಿರುಗಲಿಲ್ಲ. ಸೀದಾ ಪಾರ್ಕಿಂಗಿಗೆ ಇಳಿಯಿತು. "ಮಾಸ್ಕ್ ಇದೆಯಲ್ಲೇ, ಯಾರು ಗುರುತು ಹಿಡೀತಾರೆ?" ಎಂದು ಪ್ರಕಾಶ್ ಕ್ಯಾಪು ಹಾಕಿಕೊಂಡರು. ನಾನು ಬೇಡವೆನ್ನಲಿಲ್ಲ, ಬೇಡವೆನ್ನುವ ಮೊದಲೇ ನನ್ನ ಕಾಲು ಎಸ್ಕಲೇಟರಿನ ಮೇಲಿತ್ತು. ರೈಸ್ ಕುಕ್ಕರುಗಳ ಅಟ್ಟಿಯ ಹಿಂದೆ ನಿಂತು ನೋಡಿದೆವು. ಮಕ್ಕಳಿಬ್ಬರೂ ನೂಡಲ್ಸ್ ತಿನ್ನುತ್ತಿದ್ದರು. ಅವನೇನೋ ಹೇಳಿದ, ಅವಳು ನಕ್ಕಳು. ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತು ಎಂದು ನಾನು ಯೋಚಿಸುತ್ತಿರುವಾಗಲೇ, ಕನ್ನಡಕದ ಆ ಸಣಕಲು ಹುಡುಗ ಎದ್ದು ನಮ್ಮ ಕಡೆಗೇ ಬಂದ.

"ಹಲೋ ಅಂಕಲ್, ಹಲೋ ಆಂಟಿ. ಈಟ್ ಆಲ್ರೆಡಿ?"

ಊಟವಾಯಿತೇ ಎಂದು ವಿಚಾರಿಸುವುದು ಇಲ್ಲಿನವರ ಮರ್ಯಾದೆ. ಪ್ರಕಾಶ್ ಒಂದು ಕುಕ್ಕರಿನ ಮುಚ್ಚಳ ತೆಗೆದು ಒಳಗೆ ಇಣುಕುತ್ತಾ, "ಜಸ್ಟ್ ಚೆಕಿಂಗ್ ಪ್ರೈಸ್" ಎಂದರು. ದೂರದಿಂದ ನೋಡುತ್ತಿದ್ದ ಇಶಾ ನೂಡಲ್ಸಿನ ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಎದ್ದಳು. ಮನೆ ತಲುಪುವವರೆಗೂ ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮೂರು ಉತ್ತರಗಳಷ್ಟೇ ಉಳಿದವು: ಫೈನ್, ನಥಿಂಗ್, ಓಕೆ. ಜೂನ್ ವೇ ಹೆಸರು ಬರಲೇ ಇಲ್ಲ. "ಮುಗೀತು ಅನ್ಸುತ್ತೆ" ಎಂದು ಪ್ರಕಾಶ್ ಹಗುರಾದರು. ಮಗಳು ಗೆಳತಿ ಶಾಲಿನಿಯ ಮನೆಗೆ ಓದಲು ಹೋಗತೊಡಗಿದಳು. ಶಾಲಿನಿ ತಮಿಳರ ಹುಡುಗಿ, ಸಸ್ಯಾಹಾರಿ, ತರಗತಿಗೆ ಮೊದಲು. ಅಂಥ ಹುಡುಗಿಯ ಮನೆಗೆ ಹೊರಟವಳ ಲೊಕೇಶನ್ ನೋಡಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಇಶಾ'ಸ್ ಮಮ್ಮಿ ಆ? ಐ ಯಾಮ್ ಜೂನ್ ವೇ'ಸ್ ಮದರ್. ಮೈ ಸನ್ ಪಾಸಿಟಿವ್ ಲಾ. ಯುವರ್ ಗರ್ಲ್ ಸಿಟ್ ಸೇಮ್ ಟೇಬಲ್. ಪ್ಲೀಸ್ ಟೆಸ್ಟ್ ಹರ್."

ಯಾವ ಟೇಬಲ್ ಎಂದು ಕೇಳಿದೆ. ಅವರ ಮನೆಯದೇ. ಎಷ್ಟೋ ಶನಿವಾರಗಳಿಂದ ಮಗಳು ಅಲ್ಲಿ ಓದುತ್ತಿದ್ದಳು, ಅಲ್ಲೇ ಊಟ ಮಾಡುತ್ತಿದ್ದಳು. ನಮಗೆ ಗೊತ್ತಿದೆಯೆಂದೇ ಆ ತಾಯಿ ತಿಳಿದಿದ್ದರು. ಅವರ ಮಗ ಎಲ್ಲವನ್ನೂ ಹೇಳುತ್ತಿದ್ದನಂತೆ, ನಮ್ಮ ಕುಕ್ಕರಿನ ಪ್ರಸಂಗ ಒಂದನ್ನು ಬಿಟ್ಟು. ಅದನ್ನು ಹೇಳದೆ ನಮ್ಮ ಮಾನ ಉಳಿಸಿದ್ದ.

ಫೋನಿಟ್ಟ ಮೇಲೆ ಹಿಂದಿನೆರಡು ದಿನ ಕಣ್ಣಮುಂದೆ ಬಂತು. ಇಶಾ ಮನೆಯೊಳಗೂ ಮಾಸ್ಕ್ ಹಾಕಿಕೊಂಡಿದ್ದಳು. ಪರೀಕ್ಷೆಯ ನೆಪ ಹೇಳಿ ತಟ್ಟೆಯನ್ನು ಕೋಣೆಗೆ ಒಯ್ದಿದ್ದಳು. ಅಪ್ಪ ಹತ್ತಿರ ಬಂದರೆ ದೂರ ಸರಿದಿದ್ದಳು. ಸಿಟ್ಟಿರಬೇಕು ಅಂದುಕೊಂಡಿದ್ದೆವು. ಅಪ್ಪನಿಗೆ ಆಸ್ತಮಾ. ಮಗಳಿಗೆ ವಿಷಯ ತಿಳಿದಿತ್ತು. ಹೇಳಬೇಕೆಂದರೆ ಶಾಲಿನಿಯ ಮನೆಗೆಂದು ಹೇಳಿದ ಸುಳ್ಳನ್ನೂ ಒಪ್ಪಬೇಕಿತ್ತು. ಹಾಗಾಗಿ ತನಗೆ ತೋಚಿದಂತೆ, ಒಬ್ಬಳೇ, ಅಪ್ಪನನ್ನು ಕಾಯುತ್ತಿದ್ದಳು.

ಔಷಧಿ ಅಂಗಡಿಯ ಕಿಟ್ಟಿನಲ್ಲಿ ಎರಡು ಗೆರೆ ಮೂಡಿತು. ಅವಳ ಕೋಣೆಯ ಬಾಗಿಲು ಮುಚ್ಚಿತು. ನಾನು ಹೊರಗೆ ನೆಲದ ಮೇಲೆ ಕುಳಿತೆ. ಬೈಯಬೇಕೆಂದು ಬಂದವಳು. ಒಳಗಿನಿಂದ ದನಿ ಬಂತು, ಅಪರೂಪಕ್ಕೆ ಕನ್ನಡದಲ್ಲಿ: "ಅಮ್ಮಾ, ಅಪ್ಪಂಗೆ ಬರತ್ತಾ?"

"ಗೊತ್ತಿಲ್ಲ ಪುಟ್ಟಾ. ಯಾಕೆ ಹೇಳ್ಲಿಲ್ಲ?"

"ಫಸ್ಟ್ ಹೇಳಿದ್ನಲ್ಲಾ. ಹೇಳಿದ್ದಕ್ಕೆ ನೀವು ಹಿಂದೆ ಬಂದ್ರಿ."

ತಪ್ಪು ಹುಡುಕುವುದನ್ನೇ ವೃತ್ತಿ ಮಾಡಿಕೊಂಡ ನನಗೆ ಈ ವಾಕ್ಯದಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಪ್ರಕಾಶರಿಗೂ ಬಂತು. ಲಸಿಕೆಯ ದಯೆ, ಕೆಮ್ಮು ಜ್ವರದಲ್ಲೇ ಹೋಯಿತು. ಆದರೂ ಅವರ ಉಸಿರಿನ ಸದ್ದಿಗೆ ಕಿವಿಗೊಟ್ಟು ಕುಳಿತ ಆ ದಿನಗಳು ಶತ್ರುವಿಗೂ ಬೇಡ. ಅದರ ನಡುವೆ ಒಂದು ಸಂಜೆ ಜೂನ್ ವೇ ತಾಯಿ ನಮ್ಮ ಗೇಟಿಗೆ ಅಣಬೆಯ ಗಂಜಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ಕಳಿಸಿದರು, ಹೋಟೆಲಿನಿಂದ. ಹಿಂದೆಯೇ ಅವರ ಫೋನು: "ಫುಲ್ ವೆಜಿಟೇರಿಯನ್. ಇಶಾ ಡೋಂಟ್ ಲೈಕ್ ಜಿಂಜರ್, ಸೋ ಐ ಟೆಲ್ ದೆಮ್ ನೋ ಜಿಂಜರ್."

ನನ್ನ ಮಗಳಿಗೆ ಶುಂಠಿ ಸೇರುವುದಿಲ್ಲ! ಹುಟ್ಟಿದಾಗಿನಿಂದ ಅವಳ ಕಷಾಯಕ್ಕೆ, ಚಟ್ನಿಗೆ, ಉಪ್ಪಿಟ್ಟಿಗೆ ಶುಂಠಿ ಜಜ್ಜಿ ಹಾಕಿದವಳು ನಾನು. ಅವಳ ಬಗ್ಗೆ ಹುಡುಗನ ತಾಯಿಗೆ ಗೊತ್ತಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ಆಕೆ ಮಾಡಿದ್ದು ಇಷ್ಟೇ: ಕೇಳಿದ್ದರು.

ಎಲ್ಲರೂ ಚೇತರಿಸಿಕೊಂಡ ಮೇಲೆ ಮೂವರೂ ಕುಳಿತು ಹೊಸದಾಗಿ ಮಾತಾಡಿದೆವು. ಎಲ್ಲಿಗೆ, ಯಾರ ಜೊತೆ ಎಂಬುದನ್ನು ಅವಳು ನಿಜ ಹೇಳುವುದು. ಹೇಳಿದ ಮೇಲೆ ನಾವು ಹಿಂದೆ ಹೋಗದಿರುವುದು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಬಹುದು, ಕೂರುವುದು ಹಾಲ್‌ನಲ್ಲಿ, ದೊಡ್ಡವರು ಯಾರಾದರೂ ಮನೆಯಲ್ಲಿರಬೇಕು. ಪ್ಲಾನ್ ಬದಲಾದರೆ ಒಂದು ಮೆಸೇಜು. ಪರೀಕ್ಷೆ ಹತ್ತಿರ ಬಂದಾಗ ಭೇಟಿ ಕಡಿಮೆ. ಇದನ್ನು ಸೂಚಿಸಿದವಳು ಅವಳೇ. "ಮದುವೆ ವಿಷಯ..." ಎಂದು ಪ್ರಕಾಶ್ ಶುರು ಮಾಡಿದರು. "ಅಪ್ಪಾ, ಐ ಯಾಮ್ ಸಿಕ್ಸ್‌ಟೀನ್!" ಎಂದು ಅವಳು ಕೂಗಿದಳು. ಆ ಮಾತನ್ನು ತಾವು ಹೇಳಬೇಕಿತ್ತಲ್ಲವೇ ಎಂಬಂತೆ ಅವರು ಮುಖ ಮಾಡಿದರು.

ಜೂನ್ ವೇ ನಮ್ಮ ಮನೆಗೆ ದೋಸೆಗೆ ಬರತೊಡಗಿದ. ಮೊದಲ ದಿನ ಪ್ರಕಾಶ್ ಬಿಗುವಾಗಿ ಪೇಪರ್ ಓದುತ್ತಿದ್ದರು. ಮೂರನೆಯ ವಾರ ಅವನಿಗೆ ಪಲ್ಯ ಬಡಿಸುತ್ತಿದ್ದರು. ಆಮೇಲೆ ಇಬ್ಬರೂ ಕೆಳಗೆ ಬ್ಯಾಡ್ಮಿಂಟನ್ ಆಡಲು ಹೋಗುತ್ತಿದ್ದರು. ಸೋತವರು ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಸಬೇಕು. ನಮ್ಮವರು ತಪ್ಪದೆ ಕುಡಿಸುತ್ತಿದ್ದರು. ಇಶಾ ಒಬ್ಬಳೇ ಹಾಲ್‌ನಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದಳು.

ಕೆಲವು ತಿಂಗಳು ಕಳೆದು ಒಂದು ಭಾನುವಾರ ಅವಳು ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಕಣ್ಣು ಕೆಂಪಾಗಿತ್ತು. "ಅಮ್ಮಾ, ವಿ ಬ್ರೋಕ್ ಅಪ್." ನಾನು ಒಲೆ ಆರಿಸಿ ಪಕ್ಕದಲ್ಲಿ ನಿಂತೆ. ಅವಳು ತಾನಾಗಿ, ನಿಧಾನವಾಗಿ, ಎಲ್ಲವನ್ನೂ ಹೇಳಿದಳು. ಅಷ್ಟು ಮಾತು ಅವಳಿಂದ ಕೇಳಿ ವರ್ಷಗಳಾಗಿದ್ದವು. ಮಗಳ ದುಃಖಕ್ಕೆ ಮರುಗುತ್ತಲೇ ಒಳಗೊಳಗೆ ಸಂತೋಷಪಟ್ಟೆ ಎಂದರೆ ನೀವು ನನ್ನನ್ನು ಕೆಟ್ಟವಳೆನ್ನಬಾರದು.

ಸುದ್ದಿ ತಿಳಿದ ಪ್ರಕಾಶ್ ಕೆರಳಿ ನಿಂತರು. ಈ ದಿನಕ್ಕಾಗಿ ಅವರು ಹರಕೆ ಹೊತ್ತಿದ್ದು ನನಗೆ ಗೊತ್ತಿತ್ತು. "ಏನಂತೆ ಅವನಿಗೆ? ನನ್ನ ಮಗಳಲ್ಲಿ ಏನು ಕಮ್ಮಿ ಕಾಣಿಸ್ತು? ಅವರಮ್ಮನ ನಂಬರ್ ಕೊಡು, ನಾನೇ ಮಾತಾಡ್ತೀನಿ!"

"ರೀ, ಅವನು ಬಿಟ್ಟಿದ್ದಲ್ಲ. ಇವಳೇ ಬೇಡ ಅಂದಿದ್ದು."

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಮಗಳ ಕೋಣೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಅಷ್ಟು ಒಳ್ಳೆ ಹುಡುಗ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳಬಾರದಿತ್ತಾ?"